ಮುಟ್ಟೆಂದು ಭ್ರಮಿಸುವ ರಕ್ತಸ್ರಾವ

ತಡವಾಗಿದ್ದ ಮುಟ್ಟು ಹತ್ತು ದಿನಗಳ ಅನಂತರ ಕಾಣಿಸಿಕೊಂಡಿತೆಂದರೆ ಮನೆಯಲ್ಲಿ ಬಸಿರಿನ ವಿಚಾರ ಅಲ್ಲಿಗೇ ಮುಗಿಯುತ್ತದೆ. ಈ ತೀರ್ಮಾನ ಅವಸರದ್ದೆಂದು ನಾವು ಭಾವಿಸುತ್ತೇವೆ.

ಎರಡು ಮಕ್ಕಳ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವರ್ಷ ಕಳೆದಿದೆ. ಮುಟ್ಟು ತಡವಾಗಿ, ಬಳಿಕ ಕಂದುಬಣ್ಣದ ಸ್ರಾವ ಹನಿಹನಿಯಾಗಿ ನಾಲ್ಕು ದಿನ ಕಂಡಿತು, ಎಂದಿನಂತೆ ಧಾರಾಳವಾಗಲಿಲ್ಲ. ಕಿಬ್ಬೊಟ್ಟೆಯ ಬಲಭಾಗದಲ್ಲಿ ಮಾತ್ರ ನೋವು. ‘ಆಪರೇಶನ್ ಆಗಿದೆಯಲ್ಲ’ ಎಂದು ನೋವಿನ ಮಾತ್ರೆ ನುಂಗಿ ಸುಮ್ಮನಾದಳು.

ಆದದ್ದು ಇಷ್ಟು. ಭ್ರೂಣವು ಗರ್ಭಕೋಶವನ್ನು ತಲಪದೆ ಗರ್ಭನಾಳದಲ್ಲಿಯೇ ನೆಲೆಯೂರಿದೆ. ಹಿಗ್ಗಲು ಅಲ್ಲಿ ಸ್ಥಳವಿಲ್ಲ. ಆದ್ದರಿಂದ ಒಂದೇ ಬದಿಗೆ ನೋವು. ಆ ಗರ್ಭದಿಂದ ಹಾರ್ಮೋನು ಸಾಕಷ್ಟು ಒದಗದೆ ಗರ್ಭಕೋಶದ ಒಳಪದರ ಸ್ವಲ್ಪಸ್ವಲ್ಪವಾಗಿ ಕಳಚುತ್ತದೆ. ಅದನ್ನೇ ಆಕೆ ಮುಟ್ಟೆಂದು ಬಗೆದಳು. ಶಸ್ತ್ರಚಿಕಿತ್ಸೆಯ ಬಳಿಕ ಗರ್ಭ ನಿಲ್ಲುವುದು ಅಪರೂಪವೇ ಸರಿ. ಆದರೆ ನಿಂತರೆ, ಅದು ನಾಳದಲ್ಲಿ ನಿಲ್ಲುವ ಸಂಭವ ಇತರರಿಗಿಂತ ಬಹಳ ಹೆಚ್ಚು.

ಹೊರಗೆ ಕಾಣುವ ರಕ್ತ ಅಲ್ಪವಾದುದರಿಂದ ಒಳಗಿನದೂ ಅಲ್ಪವೆಂದು ತಿಳಿಯಲಾಗದು. ನಾಳ ಬಿರಿದರೆ ರಕ್ತ ಹೊಟ್ಟೆಯೊಳಗೆ ಸಂಗ್ರಹವಾಗುತ್ತದೆ. ಅದು ವಪೆಯನ್ನು ಕೆರಳಿಸಿದಾಗ ಭುಜದ ತುದಿಯಲ್ಲಿ ನೋವು ಹುಟ್ಟುತ್ತದೆ. ಭುಜ ನೊಂದರೆ ಹೊಟ್ಟೆಯನ್ನು ಯಾರು ಶಂಕಿಸುತ್ತಾರೆ? ಇದರೊಡನೆ ಕಣ್ಣು ಕತ್ತಲಿಡುವುದು, ತಣ್ಣನೆಯ ಬೆವರು, ಎದ್ದು ನಿಂತೊಡನೆ ಕುಸಿಯುವುದು ಕಂಡರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆಮಾಡಿ, ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಆಸ್ಪತ್ರೆಗೇ ಒಯ್ಯಬೇಕು.

ಅಷ್ಟಾಗುವ ಮುನ್ನವೇ ತಿಳಿಯುವ ದಾರಿ ಸುಲಭವಾಗಿದೆ. ಮುಟ್ಟು ತಡವಾಗಿ, ಅಲ್ಪ ಸ್ರಾವವೂ ಒಂದು ಬದಿಯ ನೋವೂ ಕೂಡಿಬಂದರೆ ಅದೇ ದಿನ ಮೂತ್ರಪರೀಕ್ಷೆ ಮಾಡಿಸಬೇಕು. ಆಶಾ ಕಾರ್ಯಕರ್ತೆಯರನ್ನು ಕೇಳಿದರೂ ಪರೀಕ್ಷಾ ಕಿಟ್ ದೊರೆಯುತ್ತದೆ. ಗರ್ಭವಿದೆಯೆಂದು ಬಂದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಬರಿದಾಗಿ ಕಂಡರೆ ‘ಏನೂ ಇಲ್ಲ’ ಎಂದು ಮರಳಬಾರದು. ಎಚ್‌ಸಿಜಿ ರಕ್ತಪರೀಕ್ಷೆಯನ್ನು 48 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಾಡಿ, ಅಂಕಿ ಏರುವ ಬಗೆಯನ್ನು ವೈದ್ಯರು ನೋಡುತ್ತಾರೆ. ಏರಿಕೆ ಮಂದವಾಗಿದ್ದರೆ ಅನುಮಾನ ಬಲವಾಗುತ್ತದೆ.

ಔಷಧದ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ನುಂಗುವ ರೂಢಿಯನ್ನಂತೂ ನಾವು ಖಂಡಿಸಲೇಬೇಕಾಗಿದೆ. ನಾಳದ ಗರ್ಭವನ್ನು ಆ ಮಾತ್ರೆ ತೆಗೆಯುವುದಿಲ್ಲ; ಗರ್ಭಕೋಶದಿಂದ ರಕ್ತಸ್ರಾವವಾಗಿ ಎಲ್ಲ ಮುಗಿಯಿತೆಂಬ ಭ್ರಮೆಯನ್ನಷ್ಟೇ ಹುಟ್ಟಿಸುತ್ತದೆ.

ನಾಳ ಬಿರಿಯುವ ಮೊದಲೇ ಪತ್ತೆಯಾದರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೇ ಸಾಕಾಗುತ್ತದೆ. ಎಚ್‌ಸಿಜಿ ಪೂರ್ಣ ಇಳಿಯುವವರೆಗೆ ರಕ್ತಪರೀಕ್ಷೆಗೆ ತಪ್ಪದೆ ಹೋಗಬೇಕು. ಬಿರಿದ ಬಳಿಕ ಆ ನಾಳವನ್ನು ಸಾಮಾನ್ಯವಾಗಿ ತೆಗೆಯಬೇಕಾಗುತ್ತದೆ. ಮಕ್ಕಳನ್ನು ಬಯಸುವವರಿಗೆ ಉಳಿದೊಂದು ನಾಳ ಆರೋಗ್ಯವಾಗಿದ್ದರೆ ಮುಂದೆ ಗರ್ಭ ಧರಿಸಲು ಅವಕಾಶವಿದೆ. ಆದರೆ ಮರುಗರ್ಭದಲ್ಲಿ ಇದೇ ತೊಂದರೆ ಮರುಕಳಿಸಬಹುದಾದುದರಿಂದ, ಮುಟ್ಟು ನಿಂತೊಡನೆ ವೈದ್ಯರನ್ನು ಕಂಡು, ಅವರು ಸೂಚಿಸಿದ ದಿನ ತಪ್ಪದೆ ಸ್ಕ್ಯಾನಿಂಗ್ ಮಾಡಿಸಬೇಕು.