ಸೂಚಿ ಮೂರು, ಸಾಕ್ಷಿ ಒಂದೇ

ಬೀದರ, ಭಾಲ್ಕಿ, ಔರಾದ ಪೇಟೆಗಳಲ್ಲಿ ಸೋಯಾ ದಾಸ್ತಾನಿಟ್ಟ ವರ್ತಕನಿಗೆ ಮಾರಾಟದ ದಿನವನ್ನು ನಿಶ್ಚಯಿಸುವುದೇ ಕಠಿಣ. ಆರ್‌ಎಸ್‌ಐ, ಸ್ಟೊಕ್ಯಾಸ್ಟಿಕ್, ಸಿಸಿಐ ಮೂರೂ ‘ದರ ಅತಿಯಾಗಿ ಏರಿದೆ’ ಎಂದರೆ ಮೂರು ಸಾಕ್ಷಿಗಳು ದೊರೆತವೆಂದು ಎಣಿಸುವುದು ಸರಿಯಲ್ಲ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. 14 ದಿನಗಳಲ್ಲಿ ಕ್ವಿಂಟಲ್ ದರ ರೂ. 4,400ರಿಂದ 4,685ಕ್ಕೆ ಏರಿದೆ. ಅವಧಿಯ ಕನಿಷ್ಠ 4,400, ಗರಿಷ್ಠ 4,700. ದಿನದಿನದ ಏರಿಕೆಗಳ ಮೊತ್ತ 400, ಇಳಿಕೆಗಳದು 115. ಸರಳ ಸರಾಸರಿಯಂತೆ 400ನ್ನು 515ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಆರ್‌ಎಸ್‌ಐ ಸುಮಾರು 78. ಕನಿಷ್ಠಕ್ಕಿಂತ ಮೇಲಿನ 285ನ್ನು 300 ರೂಪಾಯಿಯ ಅಂತರದಿಂದ ಭಾಗಿಸಿ ಹಾಗೆಯೇ ಗುಣಿಸಿದರೆ ಸ್ಟೊಕ್ಯಾಸ್ಟಿಕ್ 95. ಸರಾಸರಿಯಿಂದ ದರ ಎಷ್ಟು ದೂರ ಸರಿದಿದೆ ಎಂದು ಅಳೆಯುವ ಸಿಸಿಐ ಸಹ ಇಂತಹ ಏರಿಕೆಯಲ್ಲಿ ಸಾಮಾನ್ಯವಾಗಿ 100ನ್ನು ದಾಟುತ್ತದೆ. ಅದೇ ದರ, ಅದೇ ಅವಧಿ, ಭಾಗಾಕಾರವಷ್ಟೇ ಬೇರೆ. ಬೇಡಿಕೆ ಗಟ್ಟಿಯಿದ್ದರೆ ಮೂರೂ ವಾರಗಟ್ಟಲೆ ಮೇಲೆಯೇ ನಿಲ್ಲಬಹುದು. ಅವುಗಳನ್ನು ನಂಬಿ ಮೊದಲೇ ಮಾರಿದವನು ಮೂರು ಬಾರಿಯಲ್ಲ, ಒಂದೇ ಬಾರಿ ಎಡವಿದ್ದಾನೆ!

ಎರಡನೆಯ ಸಾಕ್ಷಿ ದರದ ಹೊರಗಿರಬೇಕು. 2021ರ ಡಿಸೆಂಬರ್‌ನಲ್ಲಿ ಸೆಬಿ ಸೋಯಾ ವಾಯಿದಾ ವಹಿವಾಟನ್ನು ತಡೆಹಿಡಿದಾಗ ಅಲ್ಲಿನ ಸುಳಿವು ಕೈತಪ್ಪಿತು. ಪ್ರಾಂಗಣದ ಆವಕದ ಲೆಕ್ಕ ಉಳಿಯಿತು. ದರ ಏರಿದರೂ ಆವಕ ಹೆಚ್ಚದಿದ್ದರೆ ಮಾಲು ತೀರಿದೆ, ಇಲ್ಲವೇ ರೈತರು ತಡೆದಿದ್ದಾರೆ. ಒಂದು ಸೂಚಿಯ ಪಕ್ಕದಲ್ಲಿ ಇರಿಸಬೇಕಾದುದು ಈ ಲೆಕ್ಕವನ್ನು.