ಕ್ವಾರಿಗೆ ಪೈಪು ಇಳಿಸ್ತಾರಂತೆ, ಕರೆಂಟು ಮಾಡ್ತಾರಂತೆ

ನಿನ್ನೆ ಸಂಜೆ ಡೇರಿಗೆ ಹಾಲು ಹಾಕಿ ಕ್ಯಾನ್ ತೊಳೀತಿದ್ದಾಗ ಮತ್ತೆ ಅದೇ ಮಾತು ಬಂತು. ಊರಾಚೆ ಪಾಳು ಬಿದ್ದಿರೋ ಕಲ್ಲು ಕ್ವಾರಿಗೆ ಪಟ್ಟಣದ ಕಸ ತಂದು ತುಂಬ್ತಾರಂತೆ. "ಸುಮ್ನೆ ಸುರಿಯಲ್ಲ ಕಣಣ್ಣ, ಮೇಲೆ ಮಣ್ಣು ಮುಚ್ಚಿ ಪೈಪು ಇಳಿಸ್ತಾರೆ, ಗ್ಯಾಸ್ ಹಿಡಿದು ಕರೆಂಟು ಮಾಡ್ತಾರೆ. ನಮಗೇನು ಲಾಸು?" ಅಂದ ಒಬ್ಬ ಹುಡುಗ. ಹಸು ಕರು ಹಾಕೋ ಹಾಗಿತ್ತು, ಅಲ್ಲಿ ನಿಂತು ಉತ್ತರ ಕೊಡೋಕೆ ಆಗಲಿಲ್ಲ. ಇವತ್ತು ಕೂತು ಬರೀತಿದೀನಿ. ಉದ್ದ ಆಗುತ್ತೆ, ಪೂರ್ತಿ ಓದಿ.

ಮೊದಲು ಆ ಗ್ಯಾಸ್ ಯಾವುದು ಅಂತ ನೋಡೋಣ. ಅದು ಮೀಥೇನ್. ನಮ್ಮಲ್ಲಿ ಗೋಬರ್ ಗ್ಯಾಸ್ ಇಟ್ಟುಕೊಂಡವರಿಗೆ ಇದು ಗೊತ್ತಿರೋದೇ. ಸಗಣಿ ನೀರು ಕಲಸಿ ಗಾಳಿಯಾಡದ ಗುಂಡಿಗೆ ಬಿಟ್ಟರೆ ಒಳಗಿನ ಸೂಕ್ಷ್ಮಜೀವಿಗಳು ತಿಂದು ಅನಿಲ ಬಿಡುತ್ತವೆ, ಅದು ಒಲೆಗೆ ಬರುತ್ತೆ. ಕಸದ ಗುಡ್ಡವೂ ಅಂಥದ್ದೇ ಗುಂಡಿ, ಆದರೆ ಅದಕ್ಕೆ ಡೋಮ್ ಇಲ್ಲ. ಅನ್ನ, ಸಾಂಬಾರು, ತರಕಾರಿ ಸಿಪ್ಪೆ ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿ ಬರುತ್ತೆ, ಮೇಲೆ ಜೆಸಿಬಿ ಓಡಾಡಿ ಒತ್ತುತ್ತೆ, ಗಾಳಿ ಹೋಗೋಕೆ ದಾರಿ ಇರಲ್ಲ. ಹುಟ್ಟಿದ ಅನಿಲ ಹಾಗೇ ಆಕಾಶಕ್ಕೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 80 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಕಾಯಿಸುತ್ತೆ. ಮುಂಗಾರು ಕೈಕೊಟ್ಟಾಗ ಮೊದಲು ಪೆಟ್ಟು ಬೀಳೋದು ನಮ್ಮ ರಾಗಿಗೆ, ಕರೆಂಟು ಬಳಸೋರಿಗಲ್ಲ.

ಎಷ್ಟು ಹುಟ್ಟುತ್ತೆ ಅಂತ ಲೆಕ್ಕ ಹಾಕಬಹುದು. ವಿಶ್ವಸಂಸ್ಥೆಯ ಐಪಿಸಿಸಿ ಕೊಟ್ಟಿರೋ ಅಂದಾಜಿನ ಸೂತ್ರ ಇದೆ. ಒಂದು ಟನ್ ಆಹಾರದ ಕಸದಲ್ಲಿ ಕೊಳೆಯೋ ಇಂಗಾಲ ಸುಮಾರು 150 ಕೆಜಿ. ಅದರಲ್ಲಿ ಅರ್ಧ ನಿಜವಾಗಿ ಕೊಳೆಯುತ್ತೆ ಅಂತಿಟ್ಟುಕೊಳ್ಳಿ, 75 ಆಯ್ತು. ಐದು ಮೀಟರಿಗಿಂತ ಆಳದ, ಸುಮ್ಮನೆ ಸುರಿದ ರಾಶಿಯಲ್ಲಿ ಅದರ ನೂರಕ್ಕೆ ಎಂಬತ್ತು ಪಾಲು ಗಾಳಿ ಇಲ್ಲದೆ ಕೊಳೆಯುತ್ತೆ, ಅಂದರೆ 60. ಅದರಲ್ಲಿ ಅರ್ಧ ಮೀಥೇನ್ ಆಗುತ್ತೆ, 30. ಇಂಗಾಲಕ್ಕೆ ಜಲಜನಕ ಸೇರಿದಾಗ ತೂಕ ಹೆಚ್ಚುತ್ತೆ, ಕೊನೆಗೆ 40 ಕೆಜಿ. ಮನೆಯ ಸಿಲಿಂಡರಲ್ಲಿ 14.2 ಕೆಜಿ ಗ್ಯಾಸ್ ಇರುತ್ತೆ. ಹತ್ತಿರ ಹತ್ತಿರ ಮೂರು ಸಿಲಿಂಡರ್ ತೂಕದ ಗ್ಯಾಸ್, ಒಂದು ಟನ್ ಹಸಿ ಕಸಕ್ಕೆ. ಒಂದೇ ದಿನಕ್ಕಲ್ಲ, ವರ್ಷಗಳಲ್ಲಿ. ಅದೇ ಟನ್ನನ್ನ ಗಾಳಿಯಾಡಿಸಿ ಗೊಬ್ಬರ ಮಾಡಿದರೆ ಅದೇ ಐಪಿಸಿಸಿ ಅಂದಾಜು 4 ಕೆಜಿ. ಹತ್ತಕ್ಕೆ ಒಂದು.

ಈಗ ಪೈಪಿನ ಮಾತು. ಪೈಪು ಬರೋದು ಒಂದು ಭಾಗ ತುಂಬಿ, ಮುಚ್ಚಿದ ಮೇಲೆ. ಅನ್ನ, ಸಿಪ್ಪೆ ಅಲ್ಲಿವರೆಗೂ ಕಾಯಲ್ಲ, ಬೇಗ ಕೊಳೆತು ಬಹಳಷ್ಟು ಅನಿಲ ಬಿಟ್ಟಾಗಿರುತ್ತೆ. ಅಮೆರಿಕದ ಪರಿಸರ ಇಲಾಖೆ 2023ರಲ್ಲಿ ತನ್ನ ದೇಶದ ಅಂದಾಜು ಕೊಟ್ಟಿತು: ಗುಂಡಿಗೆ ಹೋದ ಆಹಾರದ ಕಸದಿಂದ ಹುಟ್ಟಿದ ಮೀಥೇನಲ್ಲಿ ನೂರಕ್ಕೆ 61 ಪಾಲು ಪೈಪಿಗೆ ಸಿಗದೆ ಹೋಗುತ್ತೆ. ಅಷ್ಟು ದುಡ್ಡು ಸುರಿಯೋ ಕಡೆ ಈ ಕತೆ. ನಮ್ಮ ಕ್ವಾರಿಗೆ ಎಷ್ಟು ಹಿಡಿಯುತ್ತೆ, ನೀವೇ ಹೇಳಿ.

ಕಾನೂನೂ ಪೈಪನ್ನ ಮೊದಲು ಇಟ್ಟಿಲ್ಲ. 2016ರ ಘನತ್ಯಾಜ್ಯ ನಿಯಮದಲ್ಲೇ ಮೆಟ್ಟಿಲು ಬರೆದಿದ್ದರು: ಕಸ ಹುಟ್ಟದ ಹಾಗೆ ನೋಡು, ಕಮ್ಮಿ ಮಾಡು, ಮತ್ತೆ ಬಳಸು, ಕರಗಿಸಿ ಹೊಸದು ಮಾಡು, ಶಕ್ತಿ ತೆಗಿ, ಏನೂ ಆಗದಿದ್ದರೆ ಗುಂಡಿ. ನಮ್ಮ ಅಜ್ಜಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಉಳಿದ ಮುದ್ದೆ ಹಸುವಿಗೆ, ಸಿಪ್ಪೆ ಕುರಿಗೆ, ಅದೂ ತಿನ್ನದ್ದು ತಿಪ್ಪೆಗೆ. ಮೆಟ್ಟಿಲು ಹತ್ತಬೇಕಾದರೆ ಬೇರೆ ಮಾಡೋದು ಮನೆ ಬಾಗಿಲಲ್ಲೇ ಆಗಬೇಕು. ಸಾಂಬಾರು ಮೆತ್ತಿದ ಪೇಪರ್ ಗುಜರಿಯವನಿಗೂ ಬೇಡ, ಗಾಜು ಸೇರಿದ ಸಿಪ್ಪೆ ಹಸುವಿಗೂ ಬೇಡ, ನನ್ನ ಹೊಲಕ್ಕೂ ಬೇಡ. ಪೇಪರು ಒಣ ಕಸ ತಾನೇ ಅಂತ ಗುಂಡಿಗೆ ಹಾಕಿದರೂ ತಪ್ಪೇ. ಅದರಲ್ಲಿ ಇಂಗಾಲ ಇನ್ನೂ ಜಾಸ್ತಿ, ನಿಧಾನಕ್ಕೆ ಕೊಳೆತರೂ ಟನ್ನಿಗೆ ಅನ್ನಕ್ಕಿಂತ ಹೆಚ್ಚು ಮೀಥೇನ್ ಬಿಡುತ್ತೆ.

ನಾನೇ ಮೋಸ ಹೋದವನು. ಕೆಲ ವರ್ಷದ ಹಿಂದೆ ಅಗ್ಗಕ್ಕೆ ಸಿಗುತ್ತೆ ಅಂತ ಸಿಟಿ ಕಾಂಪೋಸ್ಟ್ ಹೆಸರಲ್ಲಿ ಒಂದು ಲೋಡ್ ಹಾಕಿಸಿದೆ. ನೋಡೋಕೆ ಕಪ್ಪಗೆ, ಚೆನ್ನಾಗೇ ಇತ್ತು. ಒಂದು ಮಳೆ ಬಿದ್ದ ಮೇಲೆ ಹೊಲದ ತುಂಬ ಶಾಂಪೂ ಪೊಟ್ಟಣ, ಬಲ್ಬಿನ ಚೂರು. ಕಳೆ ಕೀಳೋಕೆ ಬಂದ ಹೆಣ್ಣುಮಕ್ಕಳಲ್ಲಿ ಒಬ್ಬರ ಕೈ ಕುಯ್ದು ಹೊಲಿಗೆ ಹಾಕಿಸಬೇಕಾಯ್ತು. ಮಿಕ್ಸ್ ಕಸ ಕೊಳೆಸಿ ಜರಡಿ ಹಿಡಿದದ್ದು ಅದು. ಕೊಳೆತ ಮೇಲೆ ಬೇರೆ ಮಾಡೋಕೆ ಯಾವ ಜರಡಿಗೂ ಆಗಲ್ಲ.

ಆಮೇಲೆ ಒಂದು ಅಪಾರ್ಟ್‌ಮೆಂಟಿನ ಹಸಿ ಕಸ ತರಿಸೋಕೆ ಶುರು ಮಾಡಿದೆ. ಇಳಿಸೋಕೆ ಮೊದಲೇ ಟಿಪ್ಪರಿನ ಮೂರು ಕಡೆ ಸಲಿಕೆ ಹಾಕಿ ನೋಡ್ತೀನಿ, ಕವರು ಕಂಡರೆ ವಾಪಸ್. ಒಣಗಿದ ತರಗು, ಕಡ್ಡಿ ಕಲಸಿ ಎದೆ ಎತ್ತರ ಮೀರದ ಹಾಗೆ ರಾಶಿ ಹಾಕಿ ತಿರುವಿ ಹಾಕ್ತೀನಿ. ಹಾರೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಹಿಡಿಯೋಕಾಗದಷ್ಟು ಬಿಸಿ ಇರಬೇಕು. ಹೋದ ಮಳೆಗಾಲ ಸೋಮಾರಿತನ ಮಾಡಿ ತಿರುವಲಿಲ್ಲ, ಅಡಿಯೆಲ್ಲ ಲೊಳಲೊಳ, ಕೊಳೆತ ಮೊಟ್ಟೆ ವಾಸನೆ. ಮೀಥೇನಿಗೆ ವಾಸನೆ ಇಲ್ಲ, ಆದರೆ ಆ ವಾಸನೆ ಬಂದ ಕಡೆ ಗಾಳಿ ಇಲ್ಲ ಅಂತ ಅರ್ಥ, ಮೀಥೇನೂ ಹುಟ್ಟುತ್ತಿರುತ್ತೆ. ಬೇರೆ ಮಾಡಿದ ಮಾತ್ರಕ್ಕೆ ಮುಗೀಲಿಲ್ಲ ಅನ್ನೋದಕ್ಕೆ ಹೇಳಿದೆ. ನೀರು ನಿಂತ ನಮ್ಮ ತಿಪ್ಪೆಗುಂಡಿಗೂ ಇದೇ ಮಾತು.

ಇನ್ನೊಂದು ಲೆಕ್ಕ. ದಿನಕ್ಕೆ ಹತ್ತು ಟನ್ ಕಸದ ಪಟ್ಟಣ, ಅದರಲ್ಲಿ ಆರು ಟನ್ ಹಸಿ ಅಂತಿಟ್ಟುಕೊಳ್ಳಿ. ಒಂದು ದಿನದ ಆ ಹಸಿ ಕಸ ಎಲ್ಲ ಕ್ವಾರಿಗೆ ಬಿದ್ದರೆ ಮುಂದಕ್ಕೆ 240 ಕೆಜಿ ಮೀಥೇನ್. ಎಲ್ಲ ಬೇರೆಯಾಗಿ ಗೊಬ್ಬರವಾದರೆ 24. ಅರ್ಧ ಮನೆಯವರು ಮಾತ್ರ ಬೇರೆ ಮಾಡಿದರೆ 132. ಎಲ್ಲರೂ ಬೇರೆ ಮಾಡಿಕೊಟ್ಟು, ಗಾಡಿಯವನು ಎರಡನ್ನೂ ಒಂದೇ ಕಾಂಪ್ಯಾಕ್ಟರಿಗೆ ಸುರಿದರೆ ಮತ್ತೆ 240. ಅದಕ್ಕೇ ಮನೆಯಲ್ಲಿ ಎಷ್ಟು ಬಕೆಟ್ ಕೊಟ್ಟಿದೀರಿ ಅಂತ ಕೇಳಬೇಡಿ, ಗಾಡಿಯಲ್ಲಿ ಎಷ್ಟು ಖಾನೆ ಇದೆ ಅಂತ ಕೇಳಿ.

"ನಮ್ಮೂರಿಗೆ ಬೇಡ" ಅಂತ ಕೂಗಿ ಸುಮ್ಮನಾಗೋರ ಮೇಲೂ ನನಗೆ ತಕರಾರಿದೆ. 2012ರಲ್ಲಿ ಮಾವಳ್ಳಿಪುರದಲ್ಲಿ ಬೆಂಗಳೂರಿನ ಕಸ ನಿಂತಿತು, ಸರಿ. ಹೊರೆ ಮಂಡೂರಿನ ತಲೆಗೆ ಬಿತ್ತು. ಅವರು ಬೀದಿಗಿಳಿದು 2014ರ ಕೊನೆಗೆ ನಿಲ್ಲಿಸಿದರು, ಕಸ ಇನ್ನೊಂದು ಊರು ಹುಡುಕಿತು. ಗಾಡಿ ನಿಂತ ದಿನವೇ ಗುಡ್ಡದ ಗ್ಯಾಸ್ ನಿಲ್ಲಲ್ಲ, ಹಳೇ ಕಸ ವರ್ಷಗಟ್ಟಲೆ ಬಿಡುತ್ತಲೇ ಇರುತ್ತೆ.

ಗ್ರಾಮಸಭೆಯಲ್ಲಿ ನಾನು ಹೇಳೋದು ಇಷ್ಟು. ಮಿಕ್ಸ್ ಕಸದ ಒಂದು ಗಾಡಿಯೂ ಬೇಡ. ಬೇರೆ ಮಾಡಿದ ಹಸಿ ಕಸ ಕೊಡಿ, ತಗೊಳ್ಳೋಕೆ ನಮ್ಮ ಕಡೆ ತೋಟದವರು ಇದ್ದಾರೆ, ನಾನೂ ವಾರಕ್ಕೆ ಒಂದು ಟಿಪ್ಪರ್ ಇಳಿಸಿಕೊಳ್ತೀನಿ. ಸಲಿಕೆ ನಂದೇ ತರ್ತೀನಿ, ಮೂರು ಕಡೆ ಅಗೆದು ನೋಡಿ ಇಳಿಸಿಕೊಳ್ಳೋದು. ಇನ್ಯಾರು ಯಾರು ತಗೊಳ್ತೀರಿ, ಎಷ್ಟು ಗುಂಟೆ ಜಾಗ ಇದೆ ಅಂತ ಕೆಳಗೆ ಬರೀರಿ. ಸಭೆಗೆ ಹೋಗುವಾಗ ಪಟ್ಟಿ ಕೈಯಲ್ಲಿರಲಿ.

ಹಸು ರಾತ್ರಿ ಕರು ಹಾಕ್ತು. ಹೆಣ್ಣು ಕರು.