ಪನೀರ್ ಮೇಲೆ ಅಯೋಡಿನ್ ಹಾಕಿ ನೋಡಿದರೆ ಸಾಕೇ? ಹಾಸ್ಟೆಲ್ ಮೆಸ್ ಸಮಿತಿಗೆ ಡಯಟೀಷಿಯನ್ ಬರೆದ ಸಂದೇಶ



ಕಳೆದ ವಾರ ನಿಮ್ಮ ಗುಂಪಿನಲ್ಲಿ ಓಡಾಡಿದ ಎರಡು ಫಾರ್ವರ್ಡ್‌ಗಳನ್ನು ನನಗೂ ಕಳಿಸಿದ್ದೀರಿ. ಒಂದರಲ್ಲಿ ಪನೀರ್ ತುಂಡಿನ ಮೇಲೆ ಅಯೋಡಿನ್ ಹನಿ ಬಿಟ್ಟು, 'ನೀಲಿ ಆಗಲಿಲ್ಲ, ಆದ್ದರಿಂದ ಅಸಲಿ' ಎಂದು ತೋರಿಸುವ ವಿಡಿಯೊ ಇದೆ. ಇನ್ನೊಂದರಲ್ಲಿ 'INS 330 ಎಂದು ಬರೆದಿದ್ದರೆ ಕೊಳ್ಳಬೇಡಿ, ಅದು ಕ್ಯಾನ್ಸರ್ ತರುತ್ತದೆ' ಎಂಬ ಎಚ್ಚರಿಕೆ. ಇವೆರಡನ್ನೂ ನಂಬಿ ನೀವು ಒಂದು ತೀರ್ಮಾನಕ್ಕೆ ಬಂದಿದ್ದೀರಿ. ಕೆ.ಜಿ.ಗೆ 340 ರೂಪಾಯಿಯ ಪನೀರ್ ಪೊಟ್ಟಣದ ಮೇಲೆ INS 330 ಇದೆ, ಹಾಗಾಗಿ ಅದು ಬೇಡ. 220 ರೂಪಾಯಿಯದು ಅಯೋಡಿನ್ ಪರೀಕ್ಷೆಯಲ್ಲಿ ಪಾಸಾಗಿದೆ, ಅದನ್ನೇ ತರಿಸೋಣ.

ನೀವು ಕಳಿಸಿದ ಎರಡು ಲೇಬಲ್‌ಗಳ ಫೋಟೊಗಳನ್ನು ನೋಡಿದೆ. ಆಯ್ಕೆ ತಲೆಕೆಳಗಾಗಿದೆ. ಯಾಕೆಂದು ಒಂದೊಂದಾಗಿ ಹೇಳುತ್ತೇನೆ.

ಅಯೋಡಿನ್ ಏನನ್ನು ಹಿಡಿಯುತ್ತದೆ?

ಅಯೋಡಿನ್ ಹಿಡಿಯುವುದು ಪಿಷ್ಟವನ್ನು ಮಾತ್ರ. ಆಲೂಗಡ್ಡೆ, ಅನ್ನ, ಜೋಳದ ಹಿಟ್ಟು, ಮೈದಾ, ಯಾವುದರ ಮೇಲೆ ಹಾಕಿದರೂ ಕಡುನೀಲಿ ಬಣ್ಣ ಬರುತ್ತದೆ. ಪನೀರ್‌ಗೆ ಪಿಷ್ಟ ಬೆರೆಸಿದ್ದರೆ ಅದು ಗೊತ್ತಾಗುತ್ತದೆ. ಆದರೆ ಹಾಲಿನ ಕೊಬ್ಬನ್ನು ತೆಗೆದು ಆ ಜಾಗಕ್ಕೆ ತಾಳೆ ಎಣ್ಣೆ ಸೇರಿಸಿದ್ದರೆ ಅಯೋಡಿನ್‌ಗೆ ಅದು ಕಾಣುವುದೇ ಇಲ್ಲ. ಎಣ್ಣೆಯಲ್ಲಿ ಪಿಷ್ಟ ಇರುವುದಿಲ್ಲವಲ್ಲ! ಇದಕ್ಕೆ ಉಲ್ಟಾ ಕೂಡ ಆಗಬಹುದು. ಒಳ್ಳೆಯ ಪನೀರನ್ನೇ ಕಾರ್ನ್‌ಫ್ಲೋರ್‌ನಲ್ಲಿ ಹೊರಳಿಸಿ ಕರಿದಿದ್ದರೆ, ಆ ತುಂಡು ನೀಲಿಯಾಗಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ.

ಹಾಲಿನ ಕೊಬ್ಬೋ ಬೇರೆ ಎಣ್ಣೆಯೋ ಎಂದು ನಿಖರವಾಗಿ ಹೇಳಬಲ್ಲದ್ದು ಪ್ರಯೋಗಾಲಯ. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಇರುತ್ತದೆ, ತಾಳೆ ಎಣ್ಣೆಯಲ್ಲಿ ಇರುವುದಿಲ್ಲ. ಅಡುಗೆಮನೆಯಲ್ಲಿ ಇದನ್ನು ಪತ್ತೆ ಮಾಡುವ ಸುಲಭ ದಾರಿ ಇಲ್ಲ. ಆದ್ದರಿಂದಲೇ ಮೊದಲು ನೋಡಬೇಕಾದದ್ದು ಲೇಬಲ್ಲನ್ನು.

INS 330 ಅಂದರೆ ನಿಂಬೆಯ ಹುಳಿ

INS 330 ಎಂಬುದು ಸಿಟ್ರಿಕ್ ಆಮ್ಲದ ಸಂಖ್ಯೆ. ನಿಂಬೆಹಣ್ಣಿನ ಹುಳಿಗೆ ಕಾರಣವಾದದ್ದೂ ಇದೇ. ಮನೆಯಲ್ಲಿ ಹಾಲು ಒಡೆಯಲು ನಾವು ನಿಂಬೆರಸ ಹಾಕುತ್ತೇವೆ, ಕಾರ್ಖಾನೆಯಲ್ಲಿ ಸಿಟ್ರಿಕ್ ಆಮ್ಲ ಹಾಕುತ್ತಾರೆ. ಅದು ಪನೀರ್ ಲೇಬಲ್ ಮೇಲೆ ಇರುವುದು ತೀರಾ ಸಹಜ.

ಈ ಗಾಳಿಸುದ್ದಿ ವಾಟ್ಸ್ಆ್ಯಪ್‌ಗಿಂತ ಹಳೆಯದು. 1970ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ವಿಲ್‌ಜ್ಯುಯಿಫ್ ಎಂಬ ಊರಿನ ಆಸ್ಪತ್ರೆಯ ಹೆಸರು ಹೇಳಿಕೊಂಡು ಒಂದು ಕರಪತ್ರ ಹರಡಿತು. ಅದರಲ್ಲಿ E330 ಅತ್ಯಂತ ಅಪಾಯಕಾರಿ ಎಂದು ಬರೆದಿತ್ತು. ಆಸ್ಪತ್ರೆ ತನಗೂ ಅದಕ್ಕೂ ಸಂಬಂಧವಿಲ್ಲ ಎಂದರೂ ಜನ ನಕಲು ಮಾಡಿ ಹಂಚುತ್ತಲೇ ಇದ್ದರು. ಈ ತಪ್ಪು ಹೇಗೆ ಹುಟ್ಟಿತು ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಸ್ವಾರಸ್ಯವಾಗಿದೆ. ನಮ್ಮ ದೇಹದ ಜೀವಕೋಶಗಳಲ್ಲಿ ನಡೆಯುವ ಸಿಟ್ರಿಕ್ ಆಮ್ಲದ ಚಕ್ರಕ್ಕೆ ಅದನ್ನು ಕಂಡುಹಿಡಿದ ವಿಜ್ಞಾನಿಯ ಹೆಸರಿನಿಂದ 'ಕ್ರೆಬ್ಸ್ ಚಕ್ರ' ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ 'ಕ್ರೆಬ್ಸ್' ಅಂದರೆ ಕ್ಯಾನ್ಸರ್ ಎಂದೂ ಅರ್ಥ. ಯಾರೋ ಎರಡನ್ನೂ ಜೋಡಿಸಿಬಿಟ್ಟಿರಬೇಕು.

ಬ್ರ್ಯಾಂಡ್ ಹೆಸರಲ್ಲ, ಪದಾರ್ಥದ ಹೆಸರು ನೋಡಿ

ಈಗ ನಿಮ್ಮ ಎರಡು ಫೋಟೊಗಳಿಗೆ ಬರೋಣ. 340 ರೂಪಾಯಿಯ ಪೊಟ್ಟಣದಲ್ಲಿ ಬ್ರ್ಯಾಂಡ್ ಹೆಸರಿನ ಕೆಳಗೆ 'ಪನೀರ್' ಎಂದಿದೆ. ಪದಾರ್ಥಗಳ ಸಾಲಿನಲ್ಲಿ ಇರುವುದು ಎರಡೇ: ಹಾಲು, ಆಮ್ಲೀಯತೆ ನಿಯಂತ್ರಕ INS 330.

220 ರೂಪಾಯಿಯ ಪೊಟ್ಟಣದಲ್ಲಿ ಹಸು, ಹಸಿರು ಹುಲ್ಲು, ಬಿಳಿ ತುಂಡುಗಳ ಚಿತ್ರ ಎಲ್ಲ ಇದೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಅನಲಾಗ್' ಎಂಬ ಪದ ಇದೆ. ಪದಾರ್ಥಗಳು ಈ ಕ್ರಮದಲ್ಲಿವೆ: ನೀರು, ತಾಳೆ ಎಣ್ಣೆ, ಕೆನೆರಹಿತ ಹಾಲಿನ ಪುಡಿ, ಸೋಯಾ ಪ್ರೋಟೀನ್, ಆಮ್ಲೀಯತೆ ನಿಯಂತ್ರಕ.

ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಬೇಕೆಂಬುದು ನಿಯಮ. ಅಂದರೆ ಈ ಎರಡನೆಯದರಲ್ಲಿ ಹಾಲಿನ ಪುಡಿಗಿಂತ ಎಣ್ಣೆಯೇ ಹೆಚ್ಚು. ಹಾಲಿನ ಅಂಶದ ಬದಲಿಗೆ ಬೇರೆಯದನ್ನು ಸೇರಿಸಿ ಪನೀರ್‌ನಂತೆಯೇ ಕಾಣುವ ಹಾಗೆ ಮಾಡಿದ್ದನ್ನು ಅನಲಾಗ್ ಎನ್ನುತ್ತಾರೆ. ಅದನ್ನು ಮಾಡುವುದೂ ಮಾರುವುದೂ ಅಪರಾಧವಲ್ಲ. ಪನೀರ್ ಎಂದು ಹೇಳಿ ಮಾರುವುದು ತಪ್ಪು. ಇದನ್ನು 'ವಿಷ', 'ಪ್ಲಾಸ್ಟಿಕ್ ಪನೀರ್' ಎನ್ನುವ ಫಾರ್ವರ್ಡ್‌ಗಳೂ ಸುಳ್ಳೇ.

ಲೇಬಲ್‌ನ ಲೆಕ್ಕಕ್ಕೆ ನಿಮ್ಮ ರಿಜಿಸ್ಟರ್ ಸೇರಿಸಿ

ಪೌಷ್ಟಿಕಾಂಶದ ಪಟ್ಟಿಯಲ್ಲಿ 'ಒಂದು ಸರ್ವಿಂಗ್‌ಗೆ' ಎಂಬ ಕಾಲಂ ಇದ್ದರೆ ಅದನ್ನು ಬಿಟ್ಟುಬಿಡಿ. ಆ ಸರ್ವಿಂಗ್ ಎಷ್ಟೆಂದು ತೀರ್ಮಾನಿಸಿದವರು ಕಂಪನಿಯವರು. ನಿಮ್ಮ ಹುಡುಗಿಯರ ತಟ್ಟೆಗೆ ಬೀಳುವುದು ಎಷ್ಟೆಂದು ಅವರಿಗೆ ಗೊತ್ತಿಲ್ಲ, ನಿಮ್ಮ ಸ್ಟೋರ್ ರಿಜಿಸ್ಟರ್‌ಗೆ ಗೊತ್ತು. 100 ಗ್ರಾಂನ ಕಾಲಂ ಮಾತ್ರ ನೋಡಿ.

ನಿಮ್ಮಲ್ಲಿ ಊಟಕ್ಕೆ 120 ಮಂದಿ. ಪನೀರ್ ಮಾಡುವ ದಿನ ಸ್ಟೋರಿನಿಂದ 6 ಕೆ.ಜಿ. ಹೊರಬರುತ್ತದೆ. ಹಂಚಿದರೆ ತಲೆಗೆ 50 ಗ್ರಾಂ. ಮೊದಲ ಲೇಬಲ್‌ನಲ್ಲಿ 100 ಗ್ರಾಂಗೆ 18 ಗ್ರಾಂ ಪ್ರೋಟೀನ್ ಇದೆ, ಅಂದರೆ ಒಬ್ಬರಿಗೆ 9 ಗ್ರಾಂ. ಎರಡನೆಯದರಲ್ಲಿ 100 ಗ್ರಾಂಗೆ 10 ಗ್ರಾಂ, ಅಂದರೆ ಒಬ್ಬರಿಗೆ 5 ಗ್ರಾಂ. 55 ಕೆ.ಜಿ. ತೂಕದ ಯುವತಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕೆಂಬುದು ನಮ್ಮ ದೇಶದ ಶಿಫಾರಸು. ಮೊದಲನೆಯದು ಅದರ ಐದನೇ ಒಂದು ಭಾಗ ಕೊಡುತ್ತದೆ, ಎರಡನೆಯದು ಒಂಬತ್ತನೇ ಒಂದು ಭಾಗ. ಮೊಟ್ಟೆ, ಮಾಂಸ ತಿನ್ನದ ಹುಡುಗಿಯರಿಗೆ 'ಇವತ್ತು ಪನೀರ್ ಇದೆ, ಪ್ರೋಟೀನ್ ಆಯಿತು' ಎಂದು ಸಾರಿನ ಬೇಳೆ ಕಡಿಮೆ ಮಾಡುತ್ತೀರಲ್ಲ, ಆ ದಿನ ಅವರಿಗೆ ಎರಡೂ ಕಡೆ ನಷ್ಟ.

ಈಗ ದುಡ್ಡಿನ ಲೆಕ್ಕ. 340 ರೂಪಾಯಿಯ ಒಂದು ಕೆ.ಜಿ.ಯಲ್ಲಿ 180 ಗ್ರಾಂ ಪ್ರೋಟೀನ್, ಅಂದರೆ ಗ್ರಾಂಗೆ 1 ರೂಪಾಯಿ 89 ಪೈಸೆ. 220 ರೂಪಾಯಿಯ ಒಂದು ಕೆ.ಜಿ.ಯಲ್ಲಿ 100 ಗ್ರಾಂ, ಅಂದರೆ ಗ್ರಾಂಗೆ 2 ರೂಪಾಯಿ 20 ಪೈಸೆ. ಕೆ.ಜಿ. ಲೆಕ್ಕದಲ್ಲಿ ಅಗ್ಗವಾಗಿ ಕಂಡದ್ದು ಪ್ರೋಟೀನ್ ಲೆಕ್ಕದಲ್ಲಿ ದುಬಾರಿ.

ಎಲ್ಲ ಅನಲಾಗ್‌ಗಳ ಕಥೆ ಹೀಗೇ ಎಂದುಕೊಳ್ಳಬೇಡಿ. ಕೆಲವುದರಲ್ಲಿ ಪ್ರೋಟೀನ್ ಹೆಚ್ಚೂ ಇರಬಹುದು. ಇದೇ 220 ರೂಪಾಯಿಯದರಲ್ಲಿ 100 ಗ್ರಾಂಗೆ 16 ಗ್ರಾಂ ಇದ್ದಿದ್ದರೆ ಲೆಕ್ಕ ಅದರ ಕಡೆಗೇ ವಾಲುತ್ತಿತ್ತು. ಆಗ ಗೊತ್ತಿದ್ದೇ ಕೊಳ್ಳಬಹುದು. ಆದರೆ ಮೆನು ಬೋರ್ಡಿನ ಮೇಲೆ ಅದನ್ನು ಪನೀರ್ ಎಂದು ಬರೆಯಬೇಡಿ.

ಲೇಬಲ್ಲೇ ಇಲ್ಲದಿದ್ದರೆ?

ಸಗಟಾಗಿ ಕೊಳ್ಳುವವರಿಗೆ ಎದುರಾಗುವ ಬೇರೆ ತೊಡಕು ಇದು. ಅಂಗಡಿಯ 200 ಗ್ರಾಂ ಪೊಟ್ಟಣದ ಮೇಲೆ ಇರುವಷ್ಟು ವಿವರ ನಿಮಗೆ ಬರುವ ದೊಡ್ಡ ಚೀಲ, ಪೆಟ್ಟಿಗೆಗಳ ಮೇಲೆ ಇರಲೇಬೇಕೆಂದಿಲ್ಲ. ಚಿಲ್ಲರೆ ಮಾರಾಟಕ್ಕಲ್ಲದ ದೊಡ್ಡ ಪ್ಯಾಕ್ ಆದರೆ ಕೆಲವು ವಿವರಗಳನ್ನು ಜೊತೆಗೆ ಕಳಿಸುವ ದಾಖಲೆಗಳಲ್ಲಿ ಕೊಡಲು ನಿಯಮದಲ್ಲೇ ಅವಕಾಶವಿದೆ. ಆ ಕಾಗದ ವ್ಯಾಪಾರಿಯ ಫೈಲಿನಲ್ಲೇ ಉಳಿದುಬಿಡುತ್ತದೆ, ನೀವು ಕೇಳುವುದಿಲ್ಲ. ಇನ್ನು ಮುಂದೆ ಆರ್ಡರ್ ಕೊಡುವಾಗಲೇ ಪದಾರ್ಥಗಳ ಪಟ್ಟಿ ಮತ್ತು 100 ಗ್ರಾಂನ ಪೌಷ್ಟಿಕಾಂಶದ ವಿವರ ಬೇಕೆಂದು ಬರೆದು ಕೇಳಿ.

ಬಿಲ್ ಬಂದಾಗ ಎರಡು ವಿಷಯ ನೋಡಿ. ಅದರ ಮೇಲೆ 14 ಅಂಕಿಯ FSSAI ಸಂಖ್ಯೆ ಇರಬೇಕು. FoSCoS ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಎರಡನೆಯದು, ಬಿಲ್‌ನಲ್ಲಿರುವ ಹೆಸರು. ಪೊಟ್ಟಣದ ಮೇಲೆ ಅನಲಾಗ್ ಎಂದಿದ್ದು ಬಿಲ್‌ನಲ್ಲಿ ಪನೀರ್ ಎಂದಿದ್ದರೆ ಆ ಸರಕನ್ನು ಇಳಿಸಿಕೊಳ್ಳಬೇಡಿ.

ಲೇಬಲ್ಲೇ ಸುಳ್ಳು ಹೇಳುತ್ತಿದ್ದರೆ? ಅನುಮಾನಕ್ಕೆ ಒಂದು ಸರಳ ಲೆಕ್ಕ ಇದೆ. ಒಂದು ಕೆ.ಜಿ. ಪನೀರ್‌ಗೆ ಸುಮಾರು 5 ಲೀಟರ್ ಹಾಲು ಬೇಕು. ಎಮ್ಮೆ ಹಾಲಾದರೆ ಸ್ವಲ್ಪ ಕಡಿಮೆ, ಹಸುವಿನ ಹಾಲಾದರೆ ಸ್ವಲ್ಪ ಹೆಚ್ಚು. ನಿಮ್ಮ ಮೆಸ್ ಹಾಲಿಗೆ ಲೀಟರ್‌ಗೆ 48 ರೂಪಾಯಿ ಕೊಡುತ್ತಿದೆ. ಐದು ಲೀಟರ್‌ಗೆ 240 ರೂಪಾಯಿ. ಗ್ಯಾಸು, ಕೂಲಿ, ಸಾಗಣೆ ಸೇರಿಸುವ ಮೊದಲೇ ಹಾಲಿನ ದುಡ್ಡು 220 ದಾಟಿತು. ಡೇರಿಗಳಿಗೆ ಹಾಲು ಇದಕ್ಕಿಂತ ಅಗ್ಗವಾಗಿ ಸಿಗುತ್ತದೆ, ಆದ್ದರಿಂದ ಇದನ್ನು ಸಾಕ್ಷಿ ಎನ್ನಲಾಗದು. ಪ್ರಶ್ನೆ ಕೇಳಲು ಮಾತ್ರ ಇಷ್ಟು ಸಾಕು. ಅನುಮಾನ ಉಳಿದರೆ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಮಾದರಿ ಪರೀಕ್ಷೆ ಮಾಡಿಸಲು ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅವಕಾಶವಿದೆ.

ದಿನಾಂಕ ಪೊಟ್ಟಣ ಒಡೆಯುವವರೆಗೆ ಮಾತ್ರ

ಕೊನೆಗೆ ದಿನಾಂಕ. ಲೇಬಲ್ ಮೇಲಿನ ಕೊನೆಯ ದಿನಾಂಕವನ್ನು ಅದರ ಪಕ್ಕದಲ್ಲಿರುವ ಸಾಲಿನೊಂದಿಗೇ ಓದಬೇಕು. ನಿಮ್ಮ ಪೊಟ್ಟಣದಲ್ಲಿ '4 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಡಿ' ಎಂದಿದೆ. ಬೆಳಿಗ್ಗೆ ಏಳಕ್ಕೆ ಬಂದ ಸರಕು ವರಾಂಡದಲ್ಲಿ ಹನ್ನೊಂದರವರೆಗೆ ಕೂತರೆ ಆ ದಿನಾಂಕದ ಮೇಲೆ ಭರವಸೆ ಇಡುವಂತಿಲ್ಲ. 5 ಕೆ.ಜಿ.ಯ ಗಡ್ಡೆಯನ್ನು ಒಮ್ಮೆ ಒಡೆದ ಮೇಲೂ ಅಷ್ಟೇ. ನಿಮಗೆ ಒಂದು ಸಲಕ್ಕೆ 6 ಕೆ.ಜಿ. ಬೇಕು. 5 ಕೆ.ಜಿ.ಯ ಎರಡು ಗಡ್ಡೆ ತರಿಸಿದರೆ ಪ್ರತಿ ಸಲ 4 ಕೆ.ಜಿ. ಒಡೆದದ್ದು ಉಳಿದು, ಮುಂದಿನ ಪನೀರ್ ದಿನದವರೆಗೆ ಫ್ರಿಜ್ಜಿನಲ್ಲಿ ಕಾಯುತ್ತದೆ. ಕೆ.ಜಿ.ಗೆ ಐದಾರು ರೂಪಾಯಿ ಹೆಚ್ಚಾದರೂ 1 ಕೆ.ಜಿ.ಯ ಆರು ಪೊಟ್ಟಣ ತರಿಸುವುದೇ ಮೇಲು.

ಮುಂದಿನ ಸಭೆಗೆ ಬರುವಾಗ ಅಯೋಡಿನ್ ಬಾಟಲಿ ಬೇಡ. ಸ್ಟೋರ್ ರಿಜಿಸ್ಟರ್, ಈ ತಿಂಗಳ ಬಿಲ್ಲುಗಳು ಮತ್ತು ನೀವು ತರಿಸುವ ಸಾಸ್, ಉಪ್ಪಿನಕಾಯಿ, ಬ್ರೆಡ್‌ಗೆ ಹಚ್ಚುವ ಸ್ಪ್ರೆಡ್‌ನ ಖಾಲಿ ಡಬ್ಬಿಗಳನ್ನು ತನ್ನಿ. ಬೆಣ್ಣೆ ಎಂದುಕೊಂಡು ನೀವು ಕೊಳ್ಳುತ್ತಿರುವ ಡಬ್ಬಿಯ ಮೇಲೆ ನಿಜವಾಗಿ ಯಾವ ಹೆಸರಿದೆ ಎಂಬುದರಿಂದಲೇ ಶುರು ಮಾಡೋಣ.